‘ಊರನ್ನು’ ಸರಿ, ‘ಗುರನ್ನು’ ಯಾಕೆ ತಪ್ಪು?

ಪ್ರಶ್ನೆ: ಮಗಳಿಗೆ ಸಂಧಿ ಹೇಳಿಕೊಡುತ್ತಿದ್ದೇನೆ. ಊರು + ಅನ್ನು ಸೇರಿದರೆ ಊರನ್ನು. ಗುರು + ಅನ್ನು ಸೇರಿದರೆ ಮಾತ್ರ ಗುರುವನ್ನು. ಎರಡೂ ‘ಉ’ಕಾರದಲ್ಲೇ ಮುಗಿಯುತ್ತವೆ ಅಲ್ವಾ? ಒಂದು ಲೋಪ, ಇನ್ನೊಂದು ಆಗಮ ಅಂತ ಬಾಯಿಪಾಠ ಮಾಡಿಸಬಹುದು. ಆದರೆ ಅವಳು ‘ಯಾಕೆ’ ಅಂತ ಕೇಳುತ್ತಾಳೆ.

ಉತ್ತರ: ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ.

ಕನ್ನಡಕ್ಕೆ ಎರಡು ಸ್ವರ ಪಕ್ಕಪಕ್ಕ ಬರುವುದು ಹಿಡಿಸುವುದಿಲ್ಲ. ಊರು, ಅನ್ನು ಎಂದು ಬಿಡಿಸಿ ಹೇಳಿದರೆ ತೊಂದರೆಯಿಲ್ಲ. ಒಂದೇ ಉಸಿರಿನಲ್ಲಿ ಹೇಳಿದಾಗ ‘ಉ’ ಮತ್ತು ‘ಅ’ ಎದುರುಬದುರಾಗುತ್ತವೆ. ಆಗ ಇರುವುದು ಎರಡೇ ದಾರಿ. ಮೊದಲ ಸ್ವರ ಬಿಟ್ಟುಹೋಗಬೇಕು, ಅದು ಲೋಪ. ಇಲ್ಲವೇ ನಡುವೆ ಒಂದು ವ್ಯಂಜನ ಬರಬೇಕು, ಅದು ಆಗಮ. ಬಿಟ್ಟರೆ ಪದದ ಅರ್ಥ ಕೆಡುವುದಿಲ್ಲ ಅನ್ನುವಾಗ ಲೋಪ, ಕೆಡುತ್ತದೆ ಅನ್ನುವಾಗ ಆಗಮ.

ಈಗ ನಿಮ್ಮ ಎರಡು ಪದ ನೋಡಿ. ಹಳಗನ್ನಡದಲ್ಲಿ ಊರು ‘ಊರ್’. ಕಾಲು ‘ಕಾಲ್’, ಕಲ್ಲು ‘ಕಲ್’, ಹಗಲು ‘ಪಗಲ್’. ಕೊನೆಯ ‘ಉ’ ಆಮೇಲೆ ಉಚ್ಚಾರಣೆಗೆ ಸುಲಭವಾಗಲಿ ಎಂದು ಅಂಟಿಕೊಂಡದ್ದು. ಅದರ ಮುಂದೆ ಇನ್ನೊಂದು ಸ್ವರ ಬಂದ ಕೂಡಲೇ ಅದಕ್ಕೆ ಕೆಲಸವಿಲ್ಲ, ಜಾರಿಹೋಗುತ್ತದೆ. ಈ ಚಾಳಿ ಇವತ್ತಿಗೂ ನಿಂತಿಲ್ಲ. ಇಂಗ್ಲಿಷಿನಿಂದ ಬಂದ ಕಾರು, ಬಸ್ಸುಗಳಿಗೂ ನಾವೇ ‘ಉ’ ಅಂಟಿಸಿದ್ದೇವೆ. ಹಾಗಾಗಿ ಕಾರನ್ನು, ಬಸ್ಸನ್ನು ಅನ್ನುತ್ತೇವೆ. ‘ಕಾರುವನ್ನು’ ಅಂತ ಯಾರೂ ಹೇಳುವುದಿಲ್ಲ.

ಗುರುವಿನ ‘ಉ’ ಹಾಗಲ್ಲ, ಅದು ಪದದ ಸ್ವಂತ ಆಸ್ತಿ. ತೆಗೆದರೆ ಉಳಿಯುವ ‘ಗುರ್’ ನಾಯಿ ಗುರುಗುಟ್ಟಿದಂತೆ ಕೇಳುತ್ತದೆ ಅಷ್ಟೆ. ಸಂಸ್ಕೃತದಿಂದ ಬಂದ ವಸ್ತು, ಶತ್ರು, ಸಾಧು ಎಲ್ಲವೂ ಹೀಗೇ: ವಸ್ತುವನ್ನು, ಶತ್ರುವನ್ನು, ಸಾಧುವನ್ನು.

ಅಚ್ಚಗನ್ನಡದ ನಾಮಪದಗಳಿಗೆ ಮಗಳಿಗೆ ಒಂದು ಗುರುತು ಹೇಳಿಕೊಡಿ. ಪದದಲ್ಲಿ ಎರಡೇ ಅಕ್ಷರ ಇದ್ದು, ಮೊದಲನೆಯದು ಹ್ರಸ್ವ, ನಡುವೆ ಒತ್ತಕ್ಷರವೋ ಸೊನ್ನೆಯೋ ಇಲ್ಲ ಅಂದರೆ ‘ಉ’ ಸಾಮಾನ್ಯವಾಗಿ ಗಟ್ಟಿ. ಹಸುವನ್ನು, ಕರುವನ್ನು, ಮಗುವನ್ನು, ನಗುವನ್ನು. ಮೊದಲ ಅಕ್ಷರ ದೀರ್ಘವಾಗಿದ್ದರೆ (ನಾಡು, ಮಾತು), ಒತ್ತಕ್ಷರವೋ ಸೊನ್ನೆಯೋ ಇದ್ದರೆ (ಕಲ್ಲು, ಹಲ್ಲು, ಗುಂಪು), ಅಥವಾ ಪದ ಉದ್ದವಾಗಿದ್ದರೆ (ಹಡಗು, ಬೆಳಕು) ‘ಉ’ ಬಿದ್ದುಹೋಗುತ್ತದೆ: ನಾಡನ್ನು, ಹಲ್ಲನ್ನು, ಹಡಗನ್ನು.

ಇದು ಎಲ್ಲ ಕಡೆ ನಡೆಯುವುದಿಲ್ಲ. ಅದು, ಇದು ಸರ್ವನಾಮಗಳು, ಗುರುತಿಗೆ ಹೊಂದಿದರೂ ಅದನ್ನು, ಇದನ್ನು ಆಗುತ್ತವೆ. ಕ್ರಿಯಾಪದಕ್ಕಂತೂ ಇದು ಲೆಕ್ಕಕ್ಕೇ ಇಲ್ಲ. ಕೊಡು + ಇಸು ಅಂದರೆ ಕೊಡಿಸು. ‘ನಗು’ವನ್ನೇ ನೋಡಿ, ಎಷ್ಟು ಚೆನ್ನಾಗಿದೆ: ನಾಮಪದವಾದಾಗ ‘ನಗುವನ್ನು ತಡೆದ’, ಕ್ರಿಯಾಪದವಾದಾಗ ‘ಎಲ್ಲರನ್ನೂ ನಗಿಸಿದ’. ಒಂದೇ ರೂಪ, ಒಂದು ಕಡೆ ಆಗಮ, ಇನ್ನೊಂದು ಕಡೆ ಲೋಪ.

ಆಗಮ ಅಂತ ಗೊತ್ತಾದ ಮೇಲೆ ‘ಯ’ ಬರಬೇಕೋ ‘ವ’ ಬರಬೇಕೋ ಅನ್ನುವುದನ್ನು ಬಾಯೇ ಹೇಳುತ್ತದೆ. ‘ಇ’, ‘ಎ’ ಹೇಳುವಾಗ ನಾಲಿಗೆ ಮುಂದಕ್ಕೆ ಏರುತ್ತದೆ, ಅಲ್ಲಿಂದ ‘ಯ’ ಹತ್ತಿರ: ಮನೆಯನ್ನು, ಹುಲಿಯನ್ನು. ‘ಉ’, ‘ಓ’ ಹೇಳುವಾಗ ತುಟಿ ದುಂಡಗಾಗುತ್ತದೆ, ಅಲ್ಲಿಂದ ‘ವ’ ಹತ್ತಿರ: ಗುರುವನ್ನು. ‘ಅ’ದಲ್ಲಿ ಮುಗಿಯುವ ಮರ, ಹೊಲಗಳಿಗೂ ‘ವ’ವೇ: ಮರವನ್ನು, ಹೊಲವನ್ನು. ಹಾಗಂತ ‘ಎ’ ಬಂದಲ್ಲೆಲ್ಲ ಆಗಮ ಅಂದುಕೊಳ್ಳಬೇಡಿ. ಬೇರೆ + ಒಬ್ಬ ಸೇರಿ ಬೇರೊಬ್ಬ ಆಗುವುದು ಲೋಪ. ಅಲ್ಲಿ ‘ಎ’ ಹೋದರೂ ಅರ್ಥ ಮಸುಕಾಗಿಲ್ಲ. ಮಳೆ + ಇಲ್ಲ ಎಂಬಲ್ಲಿ ಹಾಗೇ ಮಾಡಿದರೆ ‘ಮಳಿಲ್ಲ’ ಅಂತಾಗಿ ಏನೂ ತಿಳಿಯುವುದಿಲ್ಲ.

ಮಕ್ಕಳು ಜಾಸ್ತಿ ಎಡವುವುದು ‘ಹಾವನ್ನು’ ಎಂಬಲ್ಲಿ. ‘ವ’ ಕಂಡ ಕೂಡಲೇ ಆಗಮ ಅಂತ ಬರೆದುಬಿಡುತ್ತಾರೆ. ಆ ‘ವ’ ಹೊರಗಿನಿಂದ ಬಂದದ್ದಲ್ಲ, ಪದದ್ದೇ. ಬಿಡಿಸಿದರೆ ಹಾವು + ಅನ್ನು, ‘ಉ’ ಹೋಗಿದೆ, ಆದ್ದರಿಂದ ಲೋಪ. ‘ಹೂವನ್ನು’ ಇನ್ನೂ ತರಲೆ. ಹೂ + ಅನ್ನು ಎಂದು ಬಿಡಿಸಿದರೆ ಆಗಮ, ಹೂವು + ಅನ್ನು ಎಂದರೆ ಲೋಪ. ಎರಡು ರೂಪವೂ ಬಳಕೆಯಲ್ಲಿರುವುದರಿಂದ ಎರಡೂ ಸರಿ. ಪರೀಕ್ಷೆಯಲ್ಲಿ ಇದು ಬಂದರೆ ಸುಮ್ನೆ ಸಂಧಿಯ ಹೆಸರಷ್ಟೇ ಬರೆಯದೆ, ಪದ ಬಿಡಿಸಿ ಪಕ್ಕದಲ್ಲಿ ಹೆಸರು ಬರೆಯಲು ಹೇಳಿ.