ಕೋಡಿ ಬೀಳದ ಕಣಿವೆಯಲ್ಲಿ ಕೋಡಿ: ಎಐ ಚಿತ್ರಕ್ಕೆ ಲೇಬಲ್ ಎಲ್ಲಿ ಹಾಕಬೇಕು?

ಪ್ರಶ್ನೆ: ಚಿತ್ರದುರ್ಗದಲ್ಲಿ ಸ್ಟುಡಿಯೊ ಇಟ್ಟಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಊರಿನ ಫೋಟೊಗಳ ಪೇಜ್ ಇದೆ. ವಾಣಿವಿಲಾಸ ಸಾಗರದ ನನ್ನದೇ ಹಳೇ ಫೋಟೊಗೆ ಎಐನಲ್ಲಿ ನೀರು ಸೇರಿಸಿ, ಕೋಡಿ ಬಿದ್ದ ಹಾಗೆ ಮಾಡಿ ಹಾಕಿದೆ. ಕೆಳಗೆ 'ಎಐ ಚಿತ್ರ' ಅಂತ ಬರೆದಿದ್ದೆ. ಆದರೂ ಅದು ವಾಟ್ಸ್ಆ್ಯಪ್‌ನಲ್ಲಿ ಓಡಾಡಿ, ದಾವಣಗೆರೆಯಿಂದ ಕಾರು ಮಾಡಿಕೊಂಡು ಬಂದವರು ನನಗೆ ಬೈದರು. ಇನ್ನೊಂದು ಕಡೆ, ಕೋಟೆಯ ನಿಜವಾದ ಫೋಟೊದಲ್ಲಿ ಒಂದು ಕರೆಂಟ್ ವೈರ್ ಅಳಿಸಿದ್ದಕ್ಕೇ ಎಐ ಲೇಬಲ್ ತಾನಾಗಿ ಬಂತು. ಇದ್ಯಾವ ನ್ಯಾಯ? ಗಿರಾಕಿಗಳು ಕೇಳುವ ಕಾರ್ಟೂನ್ ಥರದ ಮದುವೆ ಚಿತ್ರಕ್ಕೂ ಲೇಬಲ್ ಬೇಕಾ?

ಉತ್ತರ: ಬೈದವರ ಮೇಲೆ ಬೇಜಾರು ಬೇಡ. ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅಷ್ಟು ವರ್ಷ ಕಾದ ಜಿಲ್ಲೆಯಲ್ಲಿ ಕೋಡಿಯ ಚಿತ್ರ ಕಂಡರೆ ಜನ ಕಾರು ಹತ್ತದೆ ಇರ್ತಾರಾ?

ನೀವು ಬರೆದ 'ಎಐ ಚಿತ್ರ' ಅನ್ನೋ ಮಾತು ಇದ್ದಿದ್ದು ಕ್ಯಾಪ್ಷನ್‌ನಲ್ಲಿ. ಕ್ಯಾಪ್ಷನ್ ಅನ್ನೋದು ಪೋಸ್ಟಿಗೆ ಅಂಟಿಕೊಂಡಿರುತ್ತೆ, ಚಿತ್ರಕ್ಕಲ್ಲ. ಯಾರೋ ಸ್ಕ್ರೀನ್‌ಶಾಟ್ ತೆಗೆದು 'ಕಣಿವೆ ಕೋಡಿ ಬಿತ್ತು' ಅಂತ ಗ್ರೂಪಿಗೆ ಹಾಕಿದ ಕ್ಷಣದಲ್ಲೇ ನಿಮ್ಮ ಮಾತು ಹಿಂದೆ ಉಳಿಯಿತು. ಇನ್‌ಸ್ಟಾಗ್ರಾಂ ಹಾಕುವ ಲೇಬಲ್ಲಿನ ಕಥೆಯೂ ಅದೇ. ಶೇರ್ ಮಾಡುವ ಪರದೆಯಲ್ಲಿ AI label ಅನ್ನೋ ಸ್ವಿಚ್ ಇದೆ. ಅದನ್ನು ಆನ್ ಮಾಡಲೇಬೇಕು, ಆದರೆ ಅದು ಕೆಲಸ ಮಾಡೋದು ಇನ್‌ಸ್ಟಾಗ್ರಾಂ ಒಳಗೆ ಮಾತ್ರ. ಫೈಲಿನೊಳಗೆ ಬಚ್ಚಿಟ್ಟ ಮಾಹಿತಿ, ಅಂದರೆ ಮೆಟಾಡೇಟಾ, ಸ್ಕ್ರೀನ್‌ಶಾಟ್ ತೆಗೆದರೆ ಬರೋದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಹಾಗೆ ಕಳಿಸಿದರೂ ಕಳೆದುಹೋಗುತ್ತೆ. ಈ ಪ್ರಯಾಣದಲ್ಲಿ ಕೊನೇತನಕ ಉಳಿಯೋದು ಚಿತ್ರದ ಮೇಲೇ ಬರೆದ ಅಕ್ಷರ ಒಂದೇ.

ಹಾಗಂತ ಮೂಲೆಯಲ್ಲಿ ಸಣ್ಣದಾಗಿ ಬರೆದು ಕೈತೊಳೆದುಕೊಂಡರೆ ಪ್ರಯೋಜನ ಇಲ್ಲ. ನಿಮ್ಮ ಕೋಡಿ ಚಿತ್ರವನ್ನೇ ತಗೊಳ್ಳೋಣ. 1080 ಪಿಕ್ಸೆಲ್ ಅಗಲ, 1350 ಎತ್ತರದ ಪೋಸ್ಟ್ ಅಂತಿಟ್ಟುಕೊಳ್ಳಿ. ಮೂಲೆಯ ಅಕ್ಷರವನ್ನು ಒಬ್ಬ ಬೇಕಂತಲೇ ಕತ್ತರಿಸಬಹುದು. ಕತ್ತರಿಸೋ ಉದ್ದೇಶ ಯಾರಿಗೂ ಇಲ್ಲದಿದ್ದರೂ, ಸ್ಟೇಟಸ್‌ಗೆ ಹಾಕುವಾಗ, ಪ್ರೊಫೈಲ್ ಗ್ರಿಡ್‌ನಲ್ಲಿ, ಚಾಟ್‌ನ ಚಿಕ್ಕ ಚೌಕದಲ್ಲಿ ಅಂಚು ತಾನಾಗೇ ಹೋಗಬಹುದು. ಅದಕ್ಕೇ ಅಕ್ಷರವನ್ನು ನೀವು ಸೇರಿಸಿದ ನೀರಿನ ಮೇಲೇ ಅಡ್ಡಲಾಗಿ ಬರೆಯಿರಿ. ಅದನ್ನು ಕತ್ತರಿಸಬೇಕು ಅಂದರೆ ಕೋಡಿಯನ್ನೂ ಕತ್ತರಿಸಬೇಕಾಗುತ್ತೆ. ಆಮೇಲೆ ಉಳಿಯೋದು ಬರೀ ಅಣೆಕಟ್ಟು, ಅದರಿಂದ ಯಾರಿಗೂ ಮೋಸ ಇಲ್ಲ.

ಇನ್ನು ಗಾತ್ರ. ಆ ಚಿತ್ರ ಮೊಬೈಲ್ ಪರದೆ ತುಂಬ ಕಂಡಾಗ 45 ಪಿಕ್ಸೆಲ್ ಎತ್ತರದ ಅಕ್ಷರ ಸುಮಾರು 3 ಮಿಲಿಮೀಟರ್ ಆಗುತ್ತೆ. ವಾಟ್ಸ್ಆ್ಯಪ್ ಚಾಟ್‌ನಲ್ಲಿ ಅದು ಇನ್ನೂ ಚಿಕ್ಕದು. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕಾಗಬಹುದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ, ಗುಡಿಸು ಮೇಲೆ, ಎಲ್ಲ ಅದರಲ್ಲೇ ಹಿಡಿಸಬೇಕು. ಹಾಗಾಗಿ ನಾನು 60 ಪಿಕ್ಸೆಲ್‌ಗಿಂತ ಕಡಿಮೆ ಇಡೋದಿಲ್ಲ. ನೊರೆ ಬೆಳ್ಳಗೆ ಇರೋದರಿಂದ ಬಿಳಿ ಅಕ್ಷರ ಅದರಲ್ಲಿ ಮುಳುಗಿ ಹೋಗುತ್ತೆ. ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ ಒಂದಿರಲಿ. ಪೋಸ್ಟ್ ಮಾಡೋ ಮೊದಲು ಚಿತ್ರವನ್ನು ಮನೆಯವರ ಫೋನಿಗೆ ಕಳಿಸಿ, ತೆರೆಯದೆ, ಚಾಟ್‌ನಲ್ಲೇ ಓದೋಕೆ ಹೇಳಿ. ಕನ್ನಡಕ ಹುಡುಕಿದರೆ ಅಕ್ಷರ ದೊಡ್ಡದು ಮಾಡಿ.

ಏನಂತ ಬರೆಯಬೇಕು? ಬರೀ 'ಎಐ' ಅಂದರೆ ಸಾಲದು. ಬಣ್ಣ ತಿದ್ದಿದ್ದಾನೋ, ಇಡೀ ಅಣೆಕಟ್ಟನ್ನೇ ಹುಟ್ಟಿಸಿದ್ದಾನೋ ಗೊತ್ತಾಗಲ್ಲ. 'ಡಿಜಿಟಲ್ ಆರ್ಟ್' ಅನ್ನೋದಂತೂ ನನ್ನ ಪ್ರಕಾರ ಜಾರಿಕೊಳ್ಳೋ ದಾರಿ. ಯಾವುದು ನಿಜ, ಯಾವುದು ಸೇರಿಸಿದ್ದು ಅಂತ ಒಂದು ಸಾಲಿನಲ್ಲಿ ಹೇಳಿ: 'ಕೋಡಿ ಬಿದ್ದಿಲ್ಲ. ನೀರು ಎಐನಿಂದ ಸೇರಿಸಿದ್ದು'. ಮೊದಲ ಎರಡು ಪದಗಳೇ ಮುಖ್ಯ, ಯಾಕೆಂದರೆ ಕಾರು ಹತ್ತುವವನಿಗೆ ಬೇಕಾಗಿರೋದು ಅಷ್ಟೇ. ಕ್ಯಾಪ್ಷನ್‌ನ ಮೊದಲ ಸಾಲಿನಲ್ಲೂ ಇದೇ ಇರಲಿ. ಹ್ಯಾಷ್‌ಟ್ಯಾಗ್‌ಗಳ ಮಧ್ಯೆ ಹಾಕಿದರೆ ಮಡಚಿಕೊಂಡು ಕೂತಿರುತ್ತೆ.

ಈಗಾಗಲೇ ಓಡಾಡುತ್ತಿರೋ ಚಿತ್ರಕ್ಕೆ ಏನು ಮಾಡೋದು? ಪೋಸ್ಟ್ ಅಳಿಸಬೇಡಿ. ಅಳಿಸಿದರೆ ಪ್ರತಿಗಳು ಹಾಗೇ ಉಳಿಯುತ್ತವೆ, 'ಇದು ಎಲ್ಲಿಂದ ಬಂತು' ಅಂತ ಹುಡುಕುವವರಿಗೆ ಸಿಗೋ ಮೂಲ ಮಾತ್ರ ಹೋಗುತ್ತೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಪೋಸ್ಟಿನ ಚಿತ್ರ ಬದಲಿಸೋಕೆ ಬರಲ್ಲ, ಕ್ಯಾಪ್ಷನ್ ಬದಲಿಸಬಹುದು. ಅದನ್ನು ಮೊದಲು ಮಾಡಿ, ಕಮೆಂಟ್ ಒಂದನ್ನು ಪಿನ್ ಮಾಡಿ. ಆಮೇಲೆ ಹೊಸ ಚಿತ್ರ ಒಂದು ಮಾಡಿ: ಎಡಗಡೆ ನಿಮ್ಮ ಮೂಲ ಫೋಟೊ, ತೆಗೆದ ತಿಂಗಳು, ವರ್ಷ ಸಮೇತ. ಬಲಗಡೆ ಎಐ ಚಿತ್ರ, ಮೇಲೆ ಅಡ್ಡ ಪಟ್ಟಿ. ಇದನ್ನು ಪೇಜಿಗೆ ಹಾಕೋದಷ್ಟೇ ಅಲ್ಲ, ಆ ಚಿತ್ರ ಬಂದ ವಾಟ್ಸ್ಆ್ಯಪ್ ಗ್ರೂಪುಗಳಿಗೆ ನೀವೇ ಕಳಿಸಿ. ಬರೀ 'ಅದು ಸುಳ್ಳು' ಅಂತ ಬರೆದರೆ ಯಾರೂ ಮುಂದಕ್ಕೆ ಕಳಿಸಲ್ಲ. ಜೋಡಿ ಚಿತ್ರ ಮಾತ್ರ ಚೆನ್ನಾಗಿ ಓಡುತ್ತೆ.

ಈಗ ಆ ವೈರಿನ ವಿಷಯ. ನಿಮ್ಮ ಫೋಟೊ ಸುಳ್ಳು ಅಂತ ಯಾರೂ ನೋಡಿ ತೀರ್ಮಾನ ಮಾಡಿದ್ದಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಐ ಇರೋ ಅಳಿಸುವ ಟೂಲ್ ಬಳಸಿದರೆ, ಅದು ಫೈಲಿನೊಳಗೆ ಒಂದು ಗುರುತು ಬರೆದಿಡಬಹುದು. ಇನ್‌ಸ್ಟಾಗ್ರಾಂ ನಡೆಸೋ ಮೆಟಾ ಕಂಪನಿ ಆ ಗುರುತನ್ನು ಓದಿ ಲೇಬಲ್ ಅಂಟಿಸುತ್ತೆ, ಅಷ್ಟೇ. 2024ರ ಮೇ ತಿಂಗಳಲ್ಲಿ ಶುರುವಾದಾಗ ಆ ಲೇಬಲ್ Made with AI ಅಂತಿತ್ತು. ಚೂರುಪಾರು ತಿದ್ದಿದ ಫೋಟೊಗೂ ಅದೇ ಬಂತು ಅಂತ ಫೋಟೊಗ್ರಾಫರ್‌ಗಳು ಗಲಾಟೆ ಮಾಡಿದ ಮೇಲೆ ಜುಲೈನಲ್ಲಿ AI info ಆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಎಐ ಟೂಲಿನಿಂದ ಬರೀ ತಿದ್ದಿದ ಫೋಟೊಗಳಿಗೆ ಆ ಲೇಬಲ್ಲನ್ನು ಮೆನು ಒಳಗೆ ಸರಿಸಿದರು. ಪೂರ್ತಿ ಎಐನಲ್ಲೇ ಹುಟ್ಟಿಸಿದ ಚಿತ್ರಕ್ಕೆ ಮಾತ್ರ ಹೊರಗೇ ಉಳಿಯಿತು.

ಫೈಲಿನೊಳಗೆ ಏನಿದೆ ಅಂತ ಹಾಕುವ ಮೊದಲೇ ನೋಡಬಹುದು. ಕಂಪ್ಯೂಟರಿನಲ್ಲಿ ಎಕ್ಸಿಫ್‌ಟೂಲ್ ಅನ್ನೋ ಉಚಿತ ಪ್ರೋಗ್ರಾಂ ಹಾಕಿಕೊಂಡು ಹೀಗೆ ಕೇಳಿ:

```
exiftool -DigitalSourceType kote.jpg
```

ಉತ್ತರದ ಕೊನೆಯಲ್ಲಿ compositeWithTrainedAlgorithmicMedia ಅಂತ ಬಂದರೆ, ನಿಜ ಫೋಟೊದಲ್ಲಿ ಎಐ ಭಾಗ ಸೇರಿದೆ ಅಂತ. ಬರೀ trainedAlgorithmicMedia ಇದ್ದರೆ, ಚಿತ್ರ ಪೂರ್ತಿ ಎಐನದು. ಏನೂ ಬರಲಿಲ್ಲ ಅಂದ ಮಾತ್ರಕ್ಕೆ ಅದು ಅಪ್ಪಟ ಫೋಟೊ ಅಂತ ತಿಳಿಯಬೇಡಿ. ಗುರುತು ಅಳಿಸಿಹೋಗಿರಬಹುದು, ಇಲ್ಲವೇ ಬೇರೆ ಜಾಗದಲ್ಲಿ ಇರಬಹುದು.

ವೈರಿಗೆ ಸುಲಭ ದಾರಿ ಇದೆ. ಪಕ್ಕದ ಆಕಾಶವನ್ನೇ ನಕಲು ಮಾಡಿ ಮುಚ್ಚುವ ಹಳೇ ಕ್ಲೋನ್ ಸ್ಟ್ಯಾಂಪ್ ಬಳಸಿ. ಎಐ ಗುರುತು ಬರಲ್ಲ, ಒಂದು ವೈರಿಗೆ ಐದು ನಿಮಿಷದ ಕೆಲಸ. ಆದರೆ ಎಐ ಟೂಲಿನಿಂದ ಮಾಡಿ, ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಗುರುತು ಅಳಿಸೋ ಕಸರತ್ತು ಮಾಡಬೇಡಿ. ಕೋಡಿ ಚಿತ್ರಕ್ಕೂ ಅದೇ ಕೈ ಓಡುತ್ತೆ.

ಕಾನೂನು ಏನನ್ನುತ್ತೆ? ಕೇಂದ್ರ ಸರ್ಕಾರ ಐಟಿ ನಿಯಮಗಳಿಗೆ ತಂದ ತಿದ್ದುಪಡಿ 2026ರ ಫೆಬ್ರುವರಿ 20ರಿಂದ ಜಾರಿಯಲ್ಲಿದೆ. ನಿಜವಾದ ವ್ಯಕ್ತಿ ಅಥವಾ ಘಟನೆ ಅಂತ ನಂಬುವ ಹಾಗೆ ಕೃತಕವಾಗಿ ಮಾಡಿದ ಚಿತ್ರಕ್ಕೆ ಎದ್ದು ಕಾಣುವ ಲೇಬಲ್ ಇರಬೇಕು. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಜಾಲತಾಣಗಳು 'ಇದು ಕೃತಕವಾಗಿ ಮಾಡಿದ್ದಾ' ಅಂತ ಹಾಕುವವರನ್ನು ಮೊದಲೇ ಕೇಳಬೇಕು. ಬಣ್ಣ ಸರಿ ಮಾಡೋದು, ಮಸುಕು ತೆಗೆಯೋದು ಥರದ ಮಾಮೂಲಿ ತಿದ್ದುಪಡಿ, ಅರ್ಥ ಕೆಡಿಸದೇ ಇದ್ದರೆ, ಇದರೊಳಗೆ ಬರಲ್ಲ. ಲೇಬಲ್ ಚಿತ್ರದ ಶೇಕಡ 10ರಷ್ಟು ಜಾಗ ಹಿಡಿಯಬೇಕು ಅಂತ ನಿಮಗೂ ಯಾರಾದರೂ ಹೇಳಿರಬಹುದು. ಅದು 2025ರ ಅಕ್ಟೋಬರ್‌ನ ಕರಡಿನಲ್ಲಿತ್ತು, ಅಂತಿಮ ನಿಯಮದಲ್ಲಿ ಕೈಬಿಟ್ಟರು.

ಕಾನೂನಿಗಿಂತ ಮೊದಲು ನಾನು ಕೇಳಿಕೊಳ್ಳೋ ಪ್ರಶ್ನೆ ಬೇರೆ: ಆ ಹೊತ್ತಿಗೆ ಅಲ್ಲಿ ನಿಂತಿದ್ದವನಿಗೆ ಇದು ಕಾಣುತ್ತಿತ್ತಾ? ಬಣ್ಣ ಸ್ವಲ್ಪ ಗಾಢ ಆದರೆ ಕಾಣುತ್ತಿತ್ತು ಅನ್ನಬಹುದು. ಕೋಟೆಯ ಹಿಂದೆ ಇಲ್ಲದ ಮೋಡ ಬಂದರೆ ಕಾಣುತ್ತಿರಲಿಲ್ಲ, ಲೇಬಲ್ ಬೇಕು. ಬರೀ ಚೆಂದಕ್ಕೆ ಆಕಾಶ ಬದಲಿಸಿದ್ದು ಅಂದರೂ ಜೋಗಿಮಟ್ಟಿಗೆ ಮಂಜು ನೋಡೋಕೆ ಹೊರಟವನಿಗೆ ಅದು ಸುದ್ದಿಯೇ.

ಕಾರ್ಟೂನ್ ಥರದ ಮದುವೆ ಚಿತ್ರವನ್ನು ಯಾರೂ ಫೋಟೊ ಅಂದುಕೊಳ್ಳಲ್ಲ. ಚಿತ್ರದ ಮೇಲೆ ಪಟ್ಟಿ ಬೇಡ. ಕೈಯಿಂದ ಬರೆದಿದ್ದು ಅಂತ ತಿಳಿಯದ ಹಾಗೆ 'ಫೋಟೊ ಇಟ್ಟುಕೊಂಡು ಎಐನಲ್ಲಿ ಮಾಡಿಸಿದ್ದು' ಅಂತ ಕ್ಯಾಪ್ಷನ್‌ನಲ್ಲಿ ಬರೆದರೆ ಸಾಕು. ನಿಜಕ್ಕೂ ಎಚ್ಚರ ಬೇಕಾಗಿರೋದು ಫೋಟೊ ಥರವೇ ಕಾಣೋ ಚಿತ್ರಗಳಿಗೆ. ಓಬವ್ವನ 'ಅಸಲಿ ಫೋಟೊ' ನಿಮಗೂ ಫಾರ್ವರ್ಡ್ ಆಗಿ ಬಂದಿರಬೇಕು. ಕೋಟೆ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಫೋಟೊ ತೆಗೆಯುವ ವಿಧಾನ ಜಗತ್ತಿಗೆ ತಿಳಿದಿದ್ದು 1839ರಲ್ಲಿ! ಇಂಥದ್ದನ್ನು ಮಾಡಿ ಹಾಕೋದಾದರೆ ಪಟ್ಟಿ ಇಲ್ಲದೆ ಹಾಕಬೇಡಿ. ಕೋಟೆಗೆ ಹೋಗದ ಜೋಡಿಯನ್ನು ಎಐನಲ್ಲಿ ಬಾಗಿಲ ಮುಂದೆ ನಿಲ್ಲಿಸಿದರೂ ಅದೇ ಮಾತು. ಇನ್ನೊಬ್ಬ ಗಿರಾಕಿ ಅದನ್ನು ನೋಡಿ ನಿಮಗೆ ಶೂಟಿಂಗ್ ಕೊಡೋಕೆ ಬರುತ್ತಾನೆ. ಅಂಥ ಚಿತ್ರಕ್ಕೆ ಪಟ್ಟಿ ಹಾಕಿಯೇ ಪೇಜಿಗೆ ಹಾಕುತ್ತೀರಿ ಅಂತ ಆರ್ಡರ್ ತಗೊಳ್ಳುವಾಗಲೇ ಮದುವೆ ಮನೆಯವರಿಗೆ ಹೇಳಿ, ಬಿಲ್ಲಿನಲ್ಲಿ ಒಂದು ಸಾಲು ಬರೆದುಬಿಡಿ.