ರಿವ್ಯೂ ನಿಜವೋ, ದುಡ್ಡು ಕೊಟ್ಟು ಬರೆಸಿದ್ದೋ?

"ಅಮ್ಮನಿಗೆ ಅಂತ ಒಂದು ಮಂಡಿ ಬೆಲ್ಟ್ ನೋಡಿಟ್ಟಿದ್ದೀನಿ. 640 ರಿವ್ಯೂ, 4.5 ಸ್ಟಾರ್ ಇದೆ. ಮೂರೇ ವಾರದಲ್ಲಿ ನೋವು ಹೋಯ್ತು ಅಂತ ಒಬ್ಬ ಹೆಂಗಸು ಹೇಳೋ ವಿಡಿಯೋನೂ ಇದೆ. ಇದೆಲ್ಲ ನಿಜಾನಾ, ದುಡ್ಡು ಕೊಟ್ಟು ಮಾಡಿಸಿದ್ದಾ? ಗೊತ್ತಾಗೋದು ಹೇಗೆ?"

ಮೊದಲು ತಾರೀಖು ನೋಡಿ, ಬರಹ ಆಮೇಲೆ. ಸುಳ್ಳು ರಿವ್ಯೂ ಬರೆಯುವವರು ಭಾಷೆಯನ್ನು ಚೆನ್ನಾಗಿ ತಿದ್ದಿಕೊಂಡಿದ್ದಾರೆ. ಓದಿ ಕಂಡುಹಿಡಿಯುವುದು ಈಗ ಕಷ್ಟ. ಆದರೆ ಗುತ್ತಿಗೆಗೆ ಬರೆಸಿದ ರಿವ್ಯೂಗಳು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ಆ ಗುರುತನ್ನು ಮುಚ್ಚಿಡುವುದು ಅಷ್ಟು ಸುಲಭವಲ್ಲ.

ರಿವ್ಯೂಗಳನ್ನು 'ಹೊಸದು ಮೊದಲು' ಅಂತ ಜೋಡಿಸಿಕೊಳ್ಳಿ. ಸೈಟು ತಾನಾಗಿ ತೋರಿಸುವ 'ಟಾಪ್ ರಿವ್ಯೂ' ಕ್ರಮದಲ್ಲಿ ಈ ಗುಂಪು ಕಾಣುವುದಿಲ್ಲ. 640 ಪೂರ್ತಿ ಬೇಡ, 100 ಸಾಕು. ಒಂದು ಹಾಳೆಯಲ್ಲಿ ತಾರೀಖು ಮತ್ತು ಸ್ಟಾರ್ ಎರಡನ್ನೇ ಗುರುತು ಹಾಕುತ್ತಾ ಹೋಗಿ. ಅರ್ಧ ಗಂಟೆಯ ಕೆಲಸ, ಸ್ವಲ್ಪ ಬೇಜಾರಿನದ್ದೇ.

ಲೆಕ್ಕ ಹೇಗಿರಬಹುದು ಅಂತ ಒಂದು ಉದಾಹರಣೆ ಕೊಡ್ತೀನಿ. ನೂರರಲ್ಲಿ ಐದು ಸ್ಟಾರ್ 81, ನಾಲ್ಕು ಸ್ಟಾರ್ 8, ಮೂರು 2, ಎರಡು 2, ಒಂದು ಸ್ಟಾರ್ 7 ಇವೆ ಅಂದುಕೊಳ್ಳಿ. ಒಟ್ಟು 454, ಅಂದರೆ ಸರಾಸರಿ 4.5. ಪುಟದ ಮೇಲೆ ಕಾಣುವುದೂ ಅದೇ. ಈಗ ತಾರೀಖು ನೋಡಿದರೆ 64 ರಿವ್ಯೂ ಬರೀ ಆರು ದಿನದಲ್ಲಿ ಬಂದಿವೆ, ಅಷ್ಟೂ ಐದು ಸ್ಟಾರ್. ಉಳಿದ 36 ನಾಲ್ಕು ತಿಂಗಳಲ್ಲಿ ಒಂದೊಂದಾಗಿ ಬಂದಿವೆ. ಆ 64ನ್ನು ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಹಾಕಿ: 36 ರಿವ್ಯೂಗೆ 134 ಸ್ಟಾರ್, ಸರಾಸರಿ 3.7. ನೀವು ನಿಜವಾಗಿ ಕೊಳ್ಳುತ್ತಿರುವುದು 3.7ರ ಬೆಲ್ಟು. ಅದು ತೀರಾ ಕೆಟ್ಟದ್ದು ಅಂತಲೂ ಅಲ್ಲ, ನೋಡಿ.

ಇಲ್ಲಿ ಒಂದು ಎಚ್ಚರ. ದೊಡ್ಡ ರಿಯಾಯಿತಿ ಮಾರಾಟ ನಡೆದಾಗಲೂ ರಿವ್ಯೂಗಳು ರಾಶಿ ಬೀಳುತ್ತವೆ. ಆದರೆ ನಿಜವಾದ ರಾಶಿಯಲ್ಲಿ ಗೊಣಗಾಟವೂ ಸೇರಿರುತ್ತದೆ: ತಡವಾಗಿ ಬಂತು, ಸೈಜ್ ತಪ್ಪು, ಡಬ್ಬ ಒಡೆದಿತ್ತು. ನೂರಾರು ಜನ ಒಂದು ವಸ್ತು ಕೊಂಡು ಒಬ್ಬರಿಗೂ ಸೈಜ್ ತಪ್ಪಲಿಲ್ಲ ಅಂದರೆ, ಅದೂ ಮಂಡಿ ಬೆಲ್ಟಿನಲ್ಲಿ, ನನಗಂತೂ ನಂಬಿಕೆ ಬರುವುದಿಲ್ಲ.

'ಕೊಂಡವರೇ ಬರೆದದ್ದು' ಅನ್ನುವ ವೆರಿಫೈಡ್ ಗುರುತಿಗೆ ಜನ ಕೊಡುವಷ್ಟು ಬೆಲೆ ನಾನು ಕೊಡುವುದಿಲ್ಲ. ಆ ಖಾತೆಯಿಂದ ಆರ್ಡರ್ ಆಗಿದೆ ಅಂತಷ್ಟೇ ಅದು ಹೇಳುತ್ತದೆ. ಮಾರುವವನು ಮೊದಲೇ ಮಾತಾಡಿಕೊಂಡು, ವಸ್ತು ಕೊಳ್ಳಿಸಿ, ಐದು ಸ್ಟಾರ್ ಬಿದ್ದ ಮೇಲೆ ಹಣವನ್ನು ಬೇರೆ ದಾರಿಯಲ್ಲಿ ವಾಪಸ್ ಹಾಕಿಬಿಟ್ಟರೆ ಗುರುತು ಇದ್ದೇ ಇರುತ್ತದೆ. ಡಬ್ಬದೊಳಗೆ 'ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, ಉಡುಗೊರೆ ಪಡೆಯಿರಿ' ಅಂತ ಚೀಟಿ ಇಡುವುದು ಇನ್ನೊಂದು ದಾರಿ. ಇದನ್ನು ಹಿಡಿಯಲು, ರಿವ್ಯೂಗಳ ಒಳಗೆ ಹುಡುಕುವ ಜಾಗ ಇದ್ದರೆ, ಅಲ್ಲಿ card, gift, refund ಅಂತ ಒಂದೊಂದಾಗಿ ಹಾಕಿ ನೋಡಿ. ಸಿಟ್ಟಾದ ಯಾರೋ ಒಬ್ಬರು ಆ ಚೀಟಿಯ ಫೋಟೋನೇ ಹಾಕಿರುವುದುಂಟು.

ಹಾಗೆಯೇ ಅತಿ ಹಳೆಯ ರಿವ್ಯೂಗಳ ಫೋಟೋಗಳಿಗೂ ಒಮ್ಮೆ ಹೋಗಿ. ಅಲ್ಲಿ ಮಂಡಿ ಬೆಲ್ಟಿನ ಬದಲು ಫೋನ್ ಕವರೋ ಬಾಟಲಿಯೋ ಕಂಡರೆ, ಹಳೆಯ ವಸ್ತುವಿನ ಪುಟದಲ್ಲಿ ಹೊಸ ವಸ್ತುವನ್ನು ತಂದು ಕೂರಿಸಿದ್ದಾರೆ. ಆಗ ಮುಂದೆ ನೋಡುವುದೇ ಬೇಡ.

ಉಳಿದ ಆ 36ನ್ನು ಮಾತ್ರ ಈಗ ಓದಿ, ಎರಡು, ಮೂರು ಸ್ಟಾರಿನವುಗಳಿಂದ ಶುರು ಮಾಡಿ. ಬಳಸಿದವರು ಬರೆಯುವ ಸಂಗತಿಗಳೇ ಬೇರೆ: ಹತ್ತು ನಿಮಿಷ ನಡೆದರೆ ಕೆಳಗೆ ಜಾರುತ್ತದೆ, ಮಂಡಿಯ ಹಿಂದೆ ತುರಿಕೆ, ಎರಡು ಸಲ ತೊಳೆದ ಮೇಲೆ ವೆಲ್ಕ್ರೋ ಹಿಡಿಯುವುದಿಲ್ಲ. ಒಂದೇ ದೋಷವನ್ನು ಬೇರೆ ಬೇರೆ ತಿಂಗಳಲ್ಲಿ ಮೂರು ನಾಲ್ಕು ಜನ ಹೇಳಿದ್ದರೆ ಅದು ಆ ವಸ್ತುವಿನ ನಿಜವಾದ ದೋಷ. ಒಂದೇ ವಾರದಲ್ಲಿ ಹತ್ತು ಜನ ಒಂದು ಸ್ಟಾರ್ ಕೊಟ್ಟು, ಜೊತೆಗೆ ಇನ್ನೊಂದು ಕಂಪನಿಯ ಹೆಸರನ್ನೂ ಹೊಗಳಿದ್ದರೆ ಅದು ಎದುರಾಳಿಯ ಕೆಲಸ ಇರಬಹುದು. ಬೈಗುಳವನ್ನೂ ದುಡ್ಡು ಕೊಟ್ಟು ಬರೆಸುತ್ತಾರೆ.

ಇನ್ನು ವಿಡಿಯೋ. ಮೊದಲು ಆ ಮುಖ ಬೇರೆ ಎಲ್ಲಿದೆ ಅಂತ ನೋಡಿ. ಮುಖ ನೇರವಾಗಿ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕುವ Google Lens ಅಥವಾ TinEyeಗೆ ಕೊಡಿ. ಸಿಗದಿದ್ದರೆ ಅಲ್ಲಿಗೆ ಬಿಡಬೇಡಿ. ಜಾಹೀರಾತು ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮ್‌ನಲ್ಲಿ ಬಂದದ್ದಾದರೆ Meta Ad Library ತೆರೆದು ಆ ಪೇಜಿನ ಹೆಸರು ಹಾಕಿ. ಅವರು ಈಗ ಓಡಿಸುತ್ತಿರುವ ಜಾಹೀರಾತುಗಳು ಒಂದೇ ಕಡೆ ಕಾಣುತ್ತವೆ. ಅದೇ ಹೆಂಗಸು ಒಂದರಲ್ಲಿ ಮಂಡಿ ನೋವಿನವರು, ಇನ್ನೊಂದರಲ್ಲಿ ಕೂದಲು ಉದುರಿದವರು ಆಗಿದ್ದರೆ ಬಾಡಿಗೆ ಮುಖ ಅಂತ ತೀರ್ಮಾನ ಆಯಿತು.

ಕಂಪ್ಯೂಟರ್ ಸೃಷ್ಟಿಸಿದ ಮುಖವೋ ಅಂತ ಅನುಮಾನ ಇದ್ದರೆ, ವಿಡಿಯೋ ಕನ್ನಡದ್ದಾದರೆ ಒಂದು ಒಳ್ಳೆಯ ಪರೀಕ್ಷೆ ಇದೆ. ಪ, ಬ, ಮ ಹೇಳುವಾಗ ಎರಡೂ ತುಟಿ ಮುಚ್ಚಲೇಬೇಕು. 'ಮಂಡಿ', 'ಬೆಲ್ಟು', 'ಬೇಗ' ಎಲ್ಲವೂ ಈ ಅಕ್ಷರಗಳಿಂದಲೇ ಶುರುವಾಗುತ್ತವೆ. ವೇಗವನ್ನು 0.25ಕ್ಕೆ ಇಳಿಸಿ ಆ ಪದಗಳ ಹತ್ತಿರ ತುಟಿಯನ್ನೇ ನೋಡಿ. ತುಟಿ ಮುಚ್ಚುತ್ತದೆ, ಆದರೆ ಧ್ವನಿ ಹಿಂದೆಮುಂದೆ ಆಗಿದೆ ಅಂದರೆ ಬರೀ ಆಡಿಯೋ ಸರಿಹೊಂದಿಲ್ಲ, ಅದು ದೋಷವಲ್ಲ. ತುಟಿ ಮುಚ್ಚದೆಯೇ 'ಮ' ಕೇಳಿಸಿದರೆ ಮುಖವನ್ನು ತಿದ್ದಿದ್ದಾರೆ, ಇಲ್ಲವೇ ಬೇರೆ ಭಾಷೆಯ ವಿಡಿಯೋಗೆ ಕನ್ನಡ ಡಬ್ ಮಾಡಿದ್ದಾರೆ. ಎರಡರಲ್ಲಿ ಯಾವುದಾದರೂ ಆ ಮಾತು ಆ ಹೆಂಗಸಿನದ್ದಲ್ಲ. ಪರೀಕ್ಷೆ ಪಾಸಾದರೆ ಅಸಲಿ ಅಂತ ಮಾತ್ರ ಅಂದುಕೊಳ್ಳಬೇಡಿ. ಚೆನ್ನಾಗಿ ಮಾಡಿದ ನಕಲಿಗಳಲ್ಲಿ ತುಟಿಯೂ ಸರಿಯಾಗಿಯೇ ಇರುತ್ತದೆ.

ಸರಿ, ಹೆಂಗಸು ನಿಜ, ನೋವು ನಿಜ, ಹೇಳಿದ್ದೂ ಮನಸಾರೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಮಂಡಿ ನೋವಿನ ವಿಷಯದಲ್ಲಿ ಆ ವಿಡಿಯೋದಿಂದ ಬೆಲ್ಟಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಈ ನೋವು ಏರಿಳಿಯುವಂಥದ್ದು. ತೀರಾ ತಡೆಯಲಾಗದಷ್ಟು ಏರಿದಾಗಲೇ ಜನ ಬೆಲ್ಟು ತರಿಸುತ್ತಾರೆ. ಎಷ್ಟೋ ಜನರಿಗೆ ಮೂರು ವಾರದಲ್ಲಿ ಅದು ತಾನಾಗಿಯೇ ಸ್ವಲ್ಪ ಇಳಿದಿರುತ್ತದೆ, ಹೆಸರು ಬೆಲ್ಟಿಗೆ ಬರುತ್ತದೆ. ಜೊತೆಗೆ ಕಂಪನಿ ಹಾಕುವುದು ವಾಸಿಯಾದವರ ವಿಡಿಯೋವನ್ನು. ಕೆಲಸ ಮಾಡಲಿಲ್ಲ ಅಂದವರದ್ದನ್ನು ಯಾಕೆ ಹಾಕುತ್ತಾರೆ?

ಹಾಗಾಗಿ ನಿಮ್ಮ ವಿಷಯದಲ್ಲಿ, ನೋವು ಹೋಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ರಿವ್ಯೂಗೆ ಕೇಳಬೇಡಿ, ಅಮ್ಮನ ಮಂಡಿ ನೋಡಿದ ಡಾಕ್ಟರಿಗೆ ಕೇಳಿ. ರಿವ್ಯೂಗೆ ಕೇಳಬಹುದಾದದ್ದು ಜಾರುತ್ತದಾ, ತುರಿಸುತ್ತದಾ, ಹೊಲಿಗೆ ಎಷ್ಟು ದಿನ ಬರುತ್ತದೆ, ಸೈಜ್ ಚಾರ್ಟ್ ಸರಿಯಿದೆಯಾ ಅನ್ನುವುದು. ಅದಕ್ಕೆ ಆ 36 ರಿವ್ಯೂ ಸಾಕು. ಚರ್ಮಕ್ಕೆ ತಾಗುವ ಇಂಥ ವಸ್ತುಗಳನ್ನು ಡಬ್ಬ ತೆರೆದ ಮೇಲೆ ವಾಪಸ್ ತೆಗೆದುಕೊಳ್ಳದ ಮಾರಾಟಗಾರರೂ ಇರುತ್ತಾರೆ, ಆರ್ಡರ್ ಹಾಕುವ ಮೊದಲು ಆ ನಿಯಮ ಓದಿಕೊಳ್ಳಿ.