ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದವರ ಲಗ್ನ ಏಕೆ ತಪ್ಪುತ್ತದೆ?

ಪ್ರಶ್ನೆ: ನಾವು ದಂಪತಿ ವಿದೇಶದಲ್ಲಿದ್ದೇವೆ. ನಾನು ಹುಟ್ಟಿದ್ದು ಭಾರತದಲ್ಲಿ, ನನ್ನ ಹೆಂಡತಿ ಹುಟ್ಟಿದ್ದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ, 1991ರ ಜೂನ್ 20ರ ಬೆಳಿಗ್ಗೆ 5:40ಕ್ಕೆ. ಎರಡು ತಂತ್ರಾಂಶಗಳು ಅವಳಿಗೆ ಎರಡು ಲಗ್ನ ತೋರಿಸುತ್ತಿವೆ. ಯಾವ ಟೈಮ್ ಝೋನ್ ಹಾಕಬೇಕು?

ಉತ್ತರ: ನೀವೀಗ ಎಲ್ಲಿದ್ದೀರಿ ಎಂಬುದಕ್ಕೂ ಜನ್ಮಕುಂಡಲಿಗೂ ಸಂಬಂಧವಿಲ್ಲ. ಇಂದಿನ ಪಂಚಾಂಗ ನೋಡುವುದಕ್ಕೆ, ಮುಹೂರ್ತ ಇಡುವುದಕ್ಕೆ ಮಾತ್ರ ವಾಸದ ಊರು ಬೇಕು. ಕುಂಡಲಿಗೆ ಬೇಕಾದದ್ದು ಹುಟ್ಟಿದ ಊರಿನಲ್ಲಿ ಹುಟ್ಟಿದ ದಿನ ಗಡಿಯಾರ ಯಾವ ನಿಯಮದಂತೆ ನಡೆಯುತ್ತಿತ್ತು ಎಂಬುದು. ನಿಮ್ಮ ಜಾತಕದಲ್ಲಿ ತೊಡಕಿಲ್ಲ, ಭಾರತಕ್ಕೆ ಯುಟಿಸಿಗಿಂತ 5:30 ಮುಂದೆ ಎಂದು ಹಾಕಿದರೆ ಮುಗಿಯಿತು. ತೊಡಕಿರುವುದು ನಿಮ್ಮ ಪತ್ನಿಯವರದರಲ್ಲಿ.

ಅಮೆರಿಕದ ಪೂರ್ವ ಭಾಗದಲ್ಲಿ ಬೇಸಿಗೆ ಬಂದರೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಆದರೆ ಇಂಡಿಯಾನಾಪೊಲಿಸ್ ನಗರ 2006ಕ್ಕೆ ಮುಂಚೆ ಹಲವು ದಶಕಗಳ ಕಾಲ ಈ ಪದ್ಧತಿಯನ್ನು ಪಾಲಿಸಲೇ ಇಲ್ಲ. ಆದ್ದರಿಂದ 1991ರ ಜೂನ್‌ನಲ್ಲಿಯೂ ಅಲ್ಲಿನ ಗಡಿಯಾರ ಯುಟಿಸಿಗಿಂತ ಐದು ಗಂಟೆ ಹಿಂದಿತ್ತು, ನ್ಯೂಯಾರ್ಕಿನಲ್ಲಿ ಅದೇ ವೇಳೆಗೆ ನಾಲ್ಕೇ ಗಂಟೆ ಹಿಂದಿತ್ತು. ತಂತ್ರಾಂಶದಲ್ಲಿ ಝೋನ್ ಆರಿಸುವಾಗ `America/New_York` ಒತ್ತಿದರೆ, ಅಥವಾ ಬೇಸಿಗೆ ಸಮಯದ ಗುರುತನ್ನು ಹಾಗೆಯೇ ಬಿಟ್ಟರೆ, ಒಂದು ಗಂಟೆ ತಪ್ಪುತ್ತದೆ. ಆರಿಸಬೇಕಾದದ್ದು `America/Indiana/Indianapolis`.

ಲೆಕ್ಕ ಹೀಗಿದೆ. ಬೆಳಿಗ್ಗೆ 5:40ಕ್ಕೆ ಐದು ಗಂಟೆ ಸೇರಿಸಿದರೆ ಯುಟಿಸಿ 10:40, ಭಾರತದ ಸಮಯದಲ್ಲಿ ಅದೇ ದಿನ ಸಂಜೆ 4:10. ಆ ಕ್ಷಣಕ್ಕೆ ಲಾಹಿರಿ ಅಯನಾಂಶದ ಪ್ರಕಾರ ರವಿ ಮಿಥುನದಲ್ಲಿ ಸುಮಾರು 5 ಅಂಶದಲ್ಲಿದ್ದರೆ, ಲಗ್ನ ಮಿಥುನದಲ್ಲಿಯೇ 9 ಅಂಶದ ಆಸುಪಾಸಿನಲ್ಲಿ ಬೀಳುತ್ತದೆ. ನಾಲ್ಕೇ ಗಂಟೆ ಸೇರಿಸಿದರೆ ಯುಟಿಸಿ 9:40 ಆಗಿ, ಲಗ್ನ ಸುಮಾರು 15 ಅಂಶ ಹಿಂದೆ ಸರಿದು ವೃಷಭದ ಕೊನೆಯ ಭಾಗಕ್ಕೆ ಹೋಗುತ್ತದೆ. ನಿಮಗೆ ಕಾಣುತ್ತಿರುವ ಎರಡು ಲಗ್ನಗಳು ಇವೇ ಇರಬೇಕು.

ಯಾವುದು ಸರಿ ಎಂದು ತಿಳಿಯಲು ತಂತ್ರಾಂಶವನ್ನು ನಂಬಬೇಕಾಗಿಲ್ಲ, ರವಿಯನ್ನು ನೋಡಿದರೆ ಸಾಕು. ಲಗ್ನವೆಂದರೆ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ಬಿಂದು. ರವಿಯ ಅಂಶ ಲಗ್ನದ ಅಂಶಕ್ಕಿಂತ ಸ್ವಲ್ಪ ಕಡಿಮೆಯಿದ್ದರೆ ಸೂರ್ಯ ಆಗಲೇ ಮೂಡಿದ್ದಾನೆ, ಹೆಚ್ಚಿದ್ದರೆ ಇನ್ನೂ ಮೂಡಿಲ್ಲ. ಆ ದಿನ ಇಂಡಿಯಾನಾಪೊಲಿಸ್‌ನಲ್ಲಿ ಸೂರ್ಯೋದಯ ಅಲ್ಲಿನ ಗಡಿಯಾರದಲ್ಲಿ ಸುಮಾರು 5:16ಕ್ಕೆ. ಸರಿಯಾದ ಕುಂಡಲಿಯಲ್ಲಿ ರವಿ ಲಗ್ನದಲ್ಲಿಯೇ ಇದ್ದು ಲಗ್ನಾಂಶಕ್ಕಿಂತ ನಾಲ್ಕು ಅಂಶ ಹಿಂದಿದ್ದಾನೆ. ತಪ್ಪು ಕುಂಡಲಿಯಲ್ಲಿ ರವಿ ಎರಡನೆಯ ಮನೆಯಲ್ಲಿ, ಅಂದರೆ ದಿಗಂತದ ಕೆಳಗಿದ್ದಾನೆ. ಬೆಳಗಾದ ಮೇಲೆ ಹುಟ್ಟಿದ ಮಗು ಎಂದು ಅತ್ತೆಯವರಿಗೆ ನೆನಪಿದ್ದರೆ, ಆ ನೆನಪೇ ಸಾಕ್ಷಿ. ರೇಖಾಂಶದ ಚಿಹ್ನೆಯನ್ನು ಪಶ್ಚಿಮದ ಬದಲು ಪೂರ್ವ ಎಂದು ಹಾಕಿದ ತಪ್ಪೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಬೆಳಗಿನ ಜನನದ ರವಿ ಆಗ ಎಲ್ಲೋ ಇರುತ್ತಾನೆ.

ಊರಿನ ವಿಷಯದಲ್ಲಿ ಮನೆಯ ವಿಳಾಸವಲ್ಲ, ಆಸ್ಪತ್ರೆ ಇದ್ದ ಕೌಂಟಿ ಮುಖ್ಯ. ಅದೇ ರಾಜ್ಯದ ವಾಯವ್ಯ ಮೂಲೆಯ ಲೇಕ್ ಕೌಂಟಿ ಶಿಕಾಗೋ ಸಮಯವನ್ನು, ಬೇಸಿಗೆಯ ಬದಲಾವಣೆಯ ಸಮೇತ, ಅನುಸರಿಸುತ್ತಿತ್ತು. ನಗರದೊಳಗೆ ಹತ್ತು ಕಿಲೋಮೀಟರ್ ಆಚೀಚೆಯಾದರೆ ಅರ್ಧ ನಿಮಿಷದಷ್ಟು ವ್ಯತ್ಯಾಸ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಮಾತು, ಏಕೆಂದರೆ ಇದರಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಮಗು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂದಾಗ ಅಜ್ಜ ಡೈರಿಯಲ್ಲಿ ಬರೆದಿಟ್ಟಿದ್ದ ಸಮಯವನ್ನೇ ಜನನಸಮಯವೆಂದು ಕುಂಡಲಿ ಹಾಕಿದ್ದೆ, ಅದು ಭಾರತದ ಸಮಯಕ್ಕೆ ಬದಲಾಯಿಸಿ ಬರೆದದ್ದಾಗಿತ್ತು. ಆದ್ದರಿಂದ ಜನನ ಪ್ರಮಾಣಪತ್ರವನ್ನು ತರಿಸಿ ಸಮಯ ನೋಡಿ. ಅದರಲ್ಲಿ ಸಮಯವೇ ಇಲ್ಲದಿದ್ದರೆ ಆಸ್ಪತ್ರೆಯ ದಾಖಲೆ ಕೇಳಿ.

ಈ ಒಂದು ಗಂಟೆಯಿಂದ ಎಲ್ಲವೂ ಬದಲಾಗುವುದಿಲ್ಲ. ಚಂದ್ರ ಗಂಟೆಗೆ ಅರ್ಧ ಅಂಶದಷ್ಟು ಮಾತ್ರ ಚಲಿಸುವುದರಿಂದ ನಿಮ್ಮ ಪತ್ನಿಯವರ ನಕ್ಷತ್ರ ಎರಡೂ ಲೆಕ್ಕದಲ್ಲಿ ಹಸ್ತವೇ, ಹಾಗಾಗಿ ಕೂಟಗಳ ಗುಣ ಎಣಿಸಿದವರಿಗೆ ತಪ್ಪು ಕಾಣಿಸದೇ ಹೋಗಬಹುದು. ಆದರೆ ಹಸ್ತದಲ್ಲಿ ಹುಟ್ಟಿದವರಿಗೆ ಮೊದಲು ಬರುವ ಹತ್ತು ವರ್ಷದ ಚಂದ್ರದಶೆಯ ಶೇಷ ನಾಲ್ಕು ತಿಂಗಳಿಗೂ ಹೆಚ್ಚು ವ್ಯತ್ಯಾಸವಾಗಿ, ಮುಂದಿನ ಪ್ರತಿ ದಶೆಯ ಆರಂಭವೂ ಅಷ್ಟೇ ಸರಿಯುತ್ತದೆ. ಲಗ್ನದಿಂದ ಎಣಿಸುವ ಕುಜದೋಷವನ್ನಂತೂ ಮಿಥುನ ಲಗ್ನದ ಕುಂಡಲಿಯಲ್ಲಿ ಹೊಸದಾಗಿಯೇ ನೋಡಿಸಿ.